ಸಂಜೆಯಾದರೆ ಸಾಯುತ್ತಿದ್ದ ಅಂಗಳದ ಕ್ಯಾಮೆರಾ: ಮೂರು ವಾರಗಳ ದುರಸ್ತಿ ದಾಖಲೆ

ಸಾಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಐದು ಕಾವಲು ಕ್ಯಾಮೆರಾಗಳಿವೆ. ನಾಲ್ಕು ಮನೆಯ ಸುತ್ತ ಅಲುಗಾಡದೆ ಒಂದೇ ಕಡೆ ನೋಡುವಂಥವು. ಐದನೆಯದು ತೋಟದ ಅಂಚಿನಲ್ಲಿ, ಅಡಿಕೆ ಒಣಗಿಸುವ ಅಂಗಳದ ಕಂಬದ ಮೇಲಿದೆ. ಅದು ತಲೆ ತಿರುಗಿಸುತ್ತದೆ, ಯಾರಾದರೂ ಸುಳಿದರೆ ಬಿಳಿ ದೀಪವನ್ನೂ ಹೊತ್ತಿಸುತ್ತದೆ. ಐದಕ್ಕೂ ಪಿಒಇ ವ್ಯವಸ್ಥೆ, ಅಂದರೆ ವಿದ್ಯುತ್ತು ಮತ್ತು ಚಿತ್ರ ಎರಡೂ ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಹೋಗುತ್ತವೆ. ಮನೆಯೊಳಗೆ ಎಂಟು ಪೋರ್ಟಿನ ಸಾಧಾರಣ ಪಿಒಇ ಸ್ವಿಚ್ ಇದೆ. ಅದರ ಅಡಾಪ್ಟರ್ 52 ವೋಲ್ಟ್, 1.25 ಆಂಪಿಯರ್, ಅಂದರೆ 65 ವ್ಯಾಟ್. ಕೊಯ್ಲು ಮುಗಿದು ಅಂಗಳದಲ್ಲಿ ಅಡಿಕೆ ಹರವಿದ್ದ ವಾರದಲ್ಲೇ ಐದನೆಯ ಕ್ಯಾಮೆರಾ ಕೈಕೊಟ್ಟಿತು.

1. ನವೆಂಬರ್ 17, 2024: ಲಕ್ಷಣ

ಹಗಲಿಡೀ ಚಿತ್ರ ಸರಿಯಾಗಿ ಬರುತ್ತಿತ್ತು. ಸಂಜೆ ಆರೂಕಾಲರ ಹೊತ್ತಿಗೆ ಪರದೆಯ ಆ ಮೂಲೆ ಕಪ್ಪಾಗುವುದು, ಒಂದು ನಿಮಿಷದ ಮೇಲೆ ಚಿತ್ರ ಮರಳುವುದು, ಮತ್ತೆ ಕಪ್ಪಾಗುವುದು. ‘ಅಂಗಳದ್ದು ಮತ್ತೆ ಹೋಯ್ತು, ನೋಡು ಮಾರಾಯ’ ಎಂದು ಅಪ್ಪಯ್ಯ ಮೂರನೆಯ ಸಲ ಕೂಗಿದ ಮೇಲೆ ನಾನು ಎದ್ದು ಲ್ಯಾಪ್‌ಟಾಪಿನಲ್ಲಿ ಈ ಆದೇಶವನ್ನು ಓಡಿಸಿ ಮಲಗಿದೆ:

```
ping -D -O -i 5 192.168.1.65 | tee cam5.log
```

ಐದು ಸೆಕೆಂಡಿಗೊಮ್ಮೆ ಕ್ಯಾಮೆರಾವನ್ನು ಕೂಗಿ ಕರೆದು, ಉತ್ತರ ಬಾರದಿದ್ದರೆ ಅದನ್ನೂ ಹೊತ್ತಿನ ಸಮೇತ ಬರೆದಿಡುವ ಆದೇಶವಿದು. ಬೆಳಿಗ್ಗೆ ನೋಡಿದರೆ ರಾತ್ರಿ 41 ಬಾರಿ ಸಂಪರ್ಕ ತಪ್ಪಿತ್ತು, ಮತ್ತು ಪ್ರತಿ ತೆರಪೂ 60ರಿಂದ 70 ಸೆಕೆಂಡುಗಳದ್ದಾಗಿತ್ತು. ಈ ಅಳತೆಯೇ ಮೊದಲ ಸುಳಿವು. ಬರೀ ನೆಟ್‌ವರ್ಕ್ ಕೊಂಡಿ ಸಡಿಲವಾಗಿದ್ದರೆ ತೆರಪು ಎರಡು ಮೂರು ಸೆಕೆಂಡಿನದೂ ಇರುತ್ತದೆ, ಹತ್ತು ಸೆಕೆಂಡಿನದೂ ಇರುತ್ತದೆ, ಹದ ಇರುವುದಿಲ್ಲ. ಪ್ರತಿ ಸಲವೂ ಒಂದೇ ಒಂದು ನಿಮಿಷವೆಂದರೆ ಕ್ಯಾಮೆರಾ ಪೂರ್ತಿ ಆರಿಹೋಗಿ ಮೊದಲಿನಿಂದ ಎದ್ದು ಬರುತ್ತಿದೆ ಎಂದರ್ಥ. ನಮ್ಮ ಕ್ಯಾಮೆರಾ ಎದ್ದು ಬರಲು ತೆಗೆದುಕೊಳ್ಳುವ ಸಮಯವೇ ಅಷ್ಟು. ಹಾಗಾಗಿ ಹುಡುಕಬೇಕಾದ್ದು ವಿದ್ಯುತ್ತಿನ ದೋಷವನ್ನು ಎಂದು ತೀರ್ಮಾನಿಸಿದೆ. ಈ ತೀರ್ಮಾನ ಸರಿಯಾಗಿತ್ತು. ಇದರ ನಂತರದ ಮೂರು ತೀರ್ಮಾನಗಳು ತಪ್ಪಾದವು.

2. ನವೆಂಬರ್ 19: ಸ್ವಿಚ್ಚಿನ ಶಕ್ತಿಯ ಲೆಕ್ಕ, ಮತ್ತು ನೀರಿಗೆ ಹಾಕಿದ 1,650 ರೂಪಾಯಿ

ಸ್ವಿಚ್ಚಿನ ಬೆನ್ನ ಮೇಲೆ 802.3af ಎಂದು ಬರೆದಿದೆ. ಆ ಮಾನಕದಲ್ಲಿ ಒಂದು ಪೋರ್ಟು ಹೆಚ್ಚೆಂದರೆ 15.4 ವ್ಯಾಟ್ ಕೊಡಬಹುದು. ನಾನು 15.4ನ್ನು ಐದರಿಂದ ಗುಣಿಸಿ 77 ಬಂದದ್ದನ್ನು ಕಂಡು, ಅಡಾಪ್ಟರ್ 65 ವ್ಯಾಟಿನದಾದ್ದರಿಂದ ಸಾಲುತ್ತಿಲ್ಲವೆಂದು ಬಗೆದು, ಸಾಗರಕ್ಕೆ ಹೋಗಿ 52 ವೋಲ್ಟ್, 2.3 ಆಂಪಿಯರಿನ ಹೊಸ ಅಡಾಪ್ಟರ್ ತಂದೆ. ಅಂದು ಸಂಜೆ ಆರೂಕಾಲಕ್ಕೆ ಕ್ಯಾಮೆರಾ ಎಂದಿನಂತೆ ಆರಿತು.

ತಪ್ಪು ಎಲ್ಲಾಯಿತೆಂದರೆ, ಪೋರ್ಟು ಕೊಡಬಹುದಾದ ಗರಿಷ್ಠವನ್ನು ಕ್ಯಾಮೆರಾ ತಿನ್ನುವ ಪ್ರಮಾಣವೆಂದು ಲೆಕ್ಕಕ್ಕೆ ಹಿಡಿದೆ. ಕೆಲವು ದುಬಾರಿ ಸ್ವಿಚ್ಚುಗಳು ಪ್ರತಿ ಕ್ಯಾಮೆರಾದ ವರ್ಗ ನೋಡಿ ಅಷ್ಟು ಶಕ್ತಿಯನ್ನು ಮೊದಲೇ ಕಾದಿರಿಸುವುದುಂಟು; ಅಲ್ಲಿ ಈ 77ರ ಲೆಕ್ಕಕ್ಕೆ ಅರ್ಥವಿದೆ. ನಮ್ಮ ಸಾದಾ ಸ್ವಿಚ್ಚು ನಿಜವಾಗಿ ಹರಿಯುವ ವಿದ್ಯುತ್ತನ್ನಷ್ಟೇ ಲೆಕ್ಕ ಇಡುತ್ತದೆ. ಕ್ಯಾಮೆರಾಗಳ ಚೀಟಿ ಓದಿದರೆ ಸಾಕಿತ್ತು: ಸ್ಥಿರ ಕ್ಯಾಮೆರಾಗಳು ರಾತ್ರಿ ತಲಾ 6 ವ್ಯಾಟ್, ಅಂಗಳದ್ದು ಹೆಚ್ಚೆಂದರೆ 12 ವ್ಯಾಟ್, ಒಟ್ಟು 36. ಸ್ವಿಚ್ಚಿನ ಸ್ವಂತ ಖರ್ಚು ಐದಾರು ವ್ಯಾಟ್ ಸೇರಿಸಿದರೂ 65ರ ಅಡಾಪ್ಟರಿಗೆ ಅದು ಭಾರವೇ ಅಲ್ಲ. ಇನ್ನೊಂದು ಸುಳಿವು ಕಣ್ಣೆದುರೇ ಇತ್ತು. ಒಟ್ಟು ಶಕ್ತಿ ಮೀರಿದ್ದರೆ, ಬೇರೆ ಕ್ಯಾಮೆರಾಗಳ ಎರಡು ಕೇಬಲ್ ಕಿತ್ತಿಟ್ಟ ಕೂಡಲೇ ಅಂಗಳದ್ದು ನೆಟ್ಟಗಾಗಬೇಕಿತ್ತು. ಕಿತ್ತು ನೋಡಿದ್ದು ಅಡಾಪ್ಟರ್ ಕೊಂಡ ಮರುದಿನ. ನಾಲ್ಕನ್ನೂ ಕಿತ್ತರೂ ಐದನೆಯದು ಆರುತ್ತಲೇ ಇತ್ತು.

3. ನವೆಂಬರ್ 21: ಕಂಬದ ಕೆಳಗೆ ನಿಂತು ನೋಡಿದ್ದು

ಅಂದು ಸಂಜೆ ಪರದೆ ಬಿಟ್ಟು ಅಂಗಳಕ್ಕೇ ಹೋಗಿ ಕಂಬದ ಬುಡದಲ್ಲಿ ನಿಂತೆ. ಮನೆಯಲ್ಲಿ ಸ್ವಿಚ್ಚಿನ ಮುಂದೆ ತಮ್ಮ, ಇಬ್ಬರ ಕಿವಿಗೂ ಫೋನು. ಕತ್ತಲು ಕವಿಯುತ್ತಿದ್ದಂತೆ ಕ್ಯಾಮೆರಾದೊಳಗೆ ‘ಟಕ್’ ಎಂದಿತು. ಹಗಲಿನ ಫಿಲ್ಟರ್ ಸರಿದು ರಾತ್ರಿಯ ನೋಟಕ್ಕೆ ಹೊರಳುವಾಗಿನ ಸದ್ದದು. ಕಣ್ಣಿನ ಸುತ್ತ ಮಂದ ಕೆಂಪು ಹೊತ್ತಿಕೊಂಡಿತು. ಏನೂ ಆಗಲಿಲ್ಲ. ನಾನು ಎರಡು ಹೆಜ್ಜೆ ಮುಂದಿಟ್ಟೆ. ಅದು ನನ್ನನ್ನು ಕಂಡು ಬಿಳಿ ದೀಪ ಹೊತ್ತಿಸಿ ತಲೆ ತಿರುಗಿಸತೊಡಗಿದ್ದೇ ತಡ, ಎಲ್ಲವೂ ಆರಿತು. ಅದೇ ಕ್ಷಣಕ್ಕೆ ತಮ್ಮ ‘ಐದನೆಯ ಪೋರ್ಟಿನ ಹಳದಿ ದೀಪ ಹೋಯ್ತು, ಬಂತು’ ಎಂದ. ಅಂದರೆ ವಿದ್ಯುತ್ತು ಸ್ವಿಚ್ಚಿನಲ್ಲೇ ಕಡಿಯುತ್ತಿತ್ತು. ಆಮೇಲೆ ಕ್ಯಾಮೆರಾ ಎದ್ದು, ರೂಢಿಯಂತೆ ತಲೆಯನ್ನು ಎಡದಿಂದ ಬಲಕ್ಕೆ ಪೂರ್ತಿ ತಿರುಗಿಸಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ಹೋಯಿತು. ಆ ಹೊತ್ತಿಗೆ ಕೆಂಪು ದೀಪಗಳೂ ಹೊತ್ತಿದ್ದರಿಂದ ಮತ್ತೆ ಆರಿತು. ರಾತ್ರಿಯಿಡೀ ನಡೆಯುತ್ತಿದ್ದ ಸಾಯುವ ಏಳುವ ಆಟ ಇದು. ಹಗಲಲ್ಲಿ ದೀಪಗಳ ಹೊರೆ ಇಲ್ಲದ್ದರಿಂದ ಅದೇ ಪರೀಕ್ಷೆ ದಾಟಿಹೋಗುತ್ತಿತ್ತು.

4. ನವೆಂಬರ್ 22 ಮತ್ತು 23: ಅದಲು ಬದಲು, ಹಾಗೂ ಎರಡನೆಯ ತಪ್ಪು ತೀರ್ಮಾನ

ಏಣಿ ಹತ್ತಿ ಕ್ಯಾಮೆರಾ ಇಳಿಸಿ, ಅದರ ಜಾಗದಲ್ಲಿ ಮನೆಯ ಒಂದು ಸ್ಥಿರ ಕ್ಯಾಮೆರಾವನ್ನು ಅದೇ ಉದ್ದ ಕೇಬಲ್ಲಿಗೆ ಜೋಡಿಸಿದೆ. ರಾತ್ರಿಯಿಡೀ ಒಂದು ಉತ್ತರವೂ ತಪ್ಪಲಿಲ್ಲ. ಕೇಬಲ್ ಚೆನ್ನಾಗಿದೆ, ಕ್ಯಾಮೆರಾ ಕೆಟ್ಟಿದೆ ಎಂದು ಅಪ್ಪಯ್ಯನಿಗೂ ಹೇಳಿ, ಹೊಸದಕ್ಕೆ ಎಷ್ಟಾಗುತ್ತದೆಂದು ವಿಚಾರಿಸಿಯೂ ಆಯಿತು. ಮರುದಿನ ರಾತ್ರಿ, ಬರೀ ಖಾತ್ರಿಗೆಂದು, ಇಳಿಸಿದ ಕ್ಯಾಮೆರಾವನ್ನು ಎರಡು ಮೀಟರಿನ ತುಂಡು ಕೇಬಲ್ಲಿನಿಂದ ಸ್ವಿಚ್ಚಿಗೆ ಸಿಕ್ಕಿಸಿ ಊಟದ ಮೇಜಿನ ಮೇಲೆ ಕೂರಿಸಿದೆ. ದೀಪ ಹೊತ್ತಿಸಿತು, ತಲೆ ತಿರುಗಿಸಿತು, ಬೆಳಗಿನವರೆಗೂ ಆರಲಿಲ್ಲ.

ಕ್ಯಾಮೆರಾ ಒಳ್ಳೆಯದು, ಕೇಬಲ್ಲೂ ಒಳ್ಳೆಯದು, ಎರಡೂ ಸೇರಿದರೆ ಕೆಟ್ಟದ್ದು ಎಂಬ ಈ ಒಗಟಿನ ಮುಂದೆ ಒಂದು ದಿನ ಕಳೆದೆ. ಸ್ಥಿರ ಕ್ಯಾಮೆರಾ ತಿನ್ನುವುದು 6 ವ್ಯಾಟ್, ಅಂಗಳದ್ದು 12. ಅರ್ಧ ಹೊರೆ ಹೊತ್ತ ಕೇಬಲ್ಲು ಪೂರ್ತಿ ಹೊರೆಯನ್ನೂ ಹೊರುತ್ತದೆಂದು ಅದರಿಂದ ತಿಳಿಯಲಾಗದು ಎಂಬುದು ಹೊಳೆದದ್ದು ಆಮೇಲೆ.

5. ನವೆಂಬರ್ 25: ಉದ್ದ

ಎಲ್ಲರೂ ಮೊದಲು ದೂರುವುದು ಉದ್ದವನ್ನು. ಕೇಬಲ್ಲಿನ ಹೊದಿಕೆಯ ಮೇಲೆ ಮೀಟರಿಗೊಂದರಂತೆ ಅಂಕಿ ಅಚ್ಚಾಗಿರುತ್ತದೆ. ಮನೆಯ ತುದಿಯಲ್ಲಿ 122, ಅಂಗಳದ ತುದಿಯಲ್ಲಿ 214. ಕಳೆದರೆ 92 ಮೀಟರ್. ಮಾನಕದ ಮಿತಿ ತುದಿಯಿಂದ ತುದಿಗೆ 100 ಮೀಟರ್. ಸ್ವಿಚ್ಚಿನ ಬಳಿಯ ತುಂಡು ಕೇಬಲ್ ಸೇರಿಸಿದರೂ 95 ದಾಟುವುದಿಲ್ಲ. ಆದ್ದರಿಂದ ಉದ್ದವನ್ನು ಬಿಟ್ಟೆ.

ಎರಡೂ ತುದಿಯ ಪ್ಲಗ್ಗುಗಳನ್ನು ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿದೆ. ಎಂಟು ದೀಪಗಳ ಕೇಬಲ್ ಪರೀಕ್ಷಕ ಹಾಕಿದರೆ ಒಂದರಿಂದ ಎಂಟರವರೆಗೆ ದೀಪಗಳು ಸಾಲಾಗಿ ಮಿನುಗಿದವು. ಇದು ನನ್ನ ಮೂರನೆಯ ತಪ್ಪು. ಆ ಪರೀಕ್ಷಕದ ಎಲ್‌ಇಡಿಗೆ ಬೇಕಾದದ್ದು ಕೆಲವೇ ಮಿಲಿಆಂಪಿಯರ್. ದಾರಿಯಲ್ಲಿ ಐವತ್ತು ಓಮ್ ಹೆಚ್ಚುವರಿ ರೋಧವಿದ್ದರೂ ಅದು ಹೊತ್ತಿಯೇ ಹೊತ್ತುತ್ತದೆ. ಎಳೆ ಪೂರ್ತಿ ತುಂಡಾಗಿದ್ದರೆ, ಅಥವಾ ಅದಲು ಬದಲಾಗಿದ್ದರೆ ಮಾತ್ರ ಅದು ಹೇಳಬಲ್ಲದು.

6. ನವೆಂಬರ್ 27 ಮತ್ತು 28: ಮಲ್ಟಿಮೀಟರಿನಿಂದ ಜೋಡಿ ಜೋಡಿಯಾಗಿ ಅಳೆದದ್ದು

ಕೆಲಸ ನಿಜವಾಗಿ ಮುಂದುವರಿದದ್ದು ಇಲ್ಲಿಂದ. ಒಂದು ಗೇಣು ಕೇಬಲ್ ತುಂಡಿಗೆ ಪ್ಲಗ್ ಹಾಕಿ, ಇನ್ನೊಂದು ತುದಿಯಲ್ಲಿ ಪ್ರತಿ ಜೋಡಿಯ ಎರಡು ಎಳೆಗಳನ್ನು ಒಂದಕ್ಕೊಂದು ಬಿಗಿಯಾಗಿ ಹೊಸೆದೆ: ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ. ಇದನ್ನು ಕಂಬದ ತುದಿಯಲ್ಲಿ ಒಂದು ಕಪ್ಲರ್ ಮೂಲಕ ಉದ್ದ ಕೇಬಲ್ಲಿಗೆ ಸಿಕ್ಕಿಸಿ, ಮನೆಯ ತುದಿಯನ್ನು ಸ್ವಿಚ್ಚಿನಿಂದ ಕಿತ್ತು, ಪ್ರತಿ ಜೋಡಿಯಲ್ಲಿ ಹೋಗಿ ಬರುವ ಒಟ್ಟು ರೋಧವನ್ನು ಅಳೆದೆ. ಮೀಟರಿನ ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ ಬರುವ 0.3 ಓಮನ್ನು ಕಳೆದ ಮೇಲೆ, ಮಧ್ಯಾಹ್ನದ ಅಳತೆ ಹೀಗಿತ್ತು: ಕಿತ್ತಳೆ 25.6 ಓಮ್, ಹಸಿರು 25.8, ಕಂದು 26.9, ನೀಲಿ 88.

ಇದರಲ್ಲಿ ಎರಡು ಕಾಯಿಲೆಗಳಿವೆ. ಒಂದು, ಒಳ್ಳೆಯ ಜೋಡಿಗಳೂ ಒಳ್ಳೆಯವಲ್ಲ. ಕ್ಯಾಟ್ 5ಇ ಕೇಬಲ್ಲಿಗೆ ಮಾನಕ ಒಪ್ಪುವ ಗರಿಷ್ಠ ರೋಧ 100 ಮೀಟರಿಗೆ ಎಳೆಯೊಂದಕ್ಕೆ 9.38 ಓಮ್; ಅಂದರೆ 92 ಮೀಟರ್ ಹೋಗಿ ಬರಲು 17.3 ಓಮ್ ಮೀರಬಾರದು. ಹೊದಿಕೆಯ ಮೇಲೆ ಅದಕ್ಕಿಂತ ಮೇಲಿನ ದರ್ಜೆಯಾದ ಕ್ಯಾಟ್ 6 ಎಂದೇ ಅಚ್ಚಾಗಿದ್ದ ನಮ್ಮದು 25 ದಾಟಿತ್ತು. ಕತ್ತರಿಸಿ ಬಿಸಾಡಿದ್ದ ತುದಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿದೆ: ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ನಾಲ್ಕು ಸಲ ಹಿಂದೆ ಮುಂದೆ ಬಗ್ಗಿಸುವಷ್ಟರಲ್ಲಿ ಪುಟ್ಟನೆ ಮುರಿಯಿತು. ಕೇಬಲ್ಲಿನ ಪೆಟ್ಟಿಗೆ ಕೊಂಡಾಗ ಅದು ಹಗುರಾಗಿದ್ದುದನ್ನು ಗಮನಿಸಿ, ಸಾಗಿಸಲು ಸುಲಭವೆಂದು ಮೆಚ್ಚಿಕೊಂಡಿದ್ದೆ.

ಎರಡು, ನೀಲಿ ಜೋಡಿಯ 88. ಮರುದಿನ ಬೆಳಗಿನ ಆರಕ್ಕೆ, ಇಬ್ಬನಿ ತೊಟ್ಟಿಕ್ಕುವಾಗ ಮತ್ತೆ ಅಳೆದರೆ ಬೇರೆ ಮೂರೂ ಜೋಡಿಗಳ ಅಂಕಿ ಕದಲಿರಲಿಲ್ಲ. ನೀಲಿ ಮಾತ್ರ 134ಕ್ಕೆ ಏರಿತ್ತು. ಹವೆಯೊಂದಿಗೆ ಏರಿಳಿಯುವ ರೋಧ ಎಂದರೆ ತಂತಿಯದ್ದಲ್ಲ, ಯಾವುದೋ ಗಂಟಿನದ್ದು.

ಅದು ಯಾವ ಗಂಟೆಂದು ಹುಡುಕಬೇಕಾಗಲಿಲ್ಲ. ಅದು ನನ್ನದೇ. 2023ರ ಜುಲೈಯಲ್ಲಿ ಅಡಿಕೆ ಮರದ ಸೋಗೆ ಬಿದ್ದು ಪಂಪ್ ಶೆಡ್ಡಿನ ಬಳಿ ಕೇಬಲ್ ತುಂಡಾದಾಗ, ಮಳೆಯಲ್ಲೇ ನಿಂತು ಎಂಟು ಎಳೆಗಳನ್ನು ಹೊಸೆದು, ಇನ್ಸುಲೇಶನ್ ಟೇಪು ಸುತ್ತಿ, ಮಳೆ ನಿಂತ ಮೇಲೆ ಸರಿಮಾಡಿದರಾಯಿತೆಂದುಕೊಂಡಿದ್ದೆ. ಹದಿನಾರು ತಿಂಗಳು ಕ್ಯಾಮೆರಾ ಬಂದದ್ದರಿಂದ ಅದು ಮರೆತೇಹೋಗಿತ್ತು.

7. ನವೆಂಬರ್ 28, ಮಧ್ಯಾಹ್ನ: ಗಂಟು ಬಿಚ್ಚಿದ್ದು

ಟೇಪಿನ ಅಂಟು ಕರಗಿ ಕಪ್ಪು ಗೊಜ್ಜಾಗಿತ್ತು. ಕೊನೆಯ ಸುತ್ತು ಬಿಚ್ಚಿದಾಗ ಒಳಗಿಂದ ನಾಲ್ಕಾರು ಹನಿ ನೀರು ಅಂಗೈಗೆ ಬಿತ್ತು. ಕಿತ್ತಳೆ ಮತ್ತು ಹಸಿರು ಎಳೆಗಳ ಹೊಸೆತ ಮಂಕಾಗಿದ್ದರೂ ಗಟ್ಟಿಯಾಗಿತ್ತು, ಕಂದು ಕೂಡ. ನೀಲಿ ಮತ್ತು ಬಿಳಿ ನೀಲಿ ಎಳೆಗಳ ಹೊಸೆತದಲ್ಲಿ ತಾಮ್ರವೇ ಉಳಿದಿರಲಿಲ್ಲ. ಸುಣ್ಣದಂಥ ಬಿಳಿ ಪುಡಿ, ಅದರ ಅಂಚಿನಲ್ಲಿ ಹಸಿರು ಕಿಲುಬು, ನಡುವೆ ಗುಂಡುಸೂಜಿಯ ಮೊನೆಯಷ್ಟು ಲೋಹ.

ಒಂದೇ ಟೇಪಿನೊಳಗೆ, ಒಂದೇ ನೀರಿನಲ್ಲಿ ನೆಂದ ನಾಲ್ಕು ಜೋಡಿಗಳಲ್ಲಿ ನೀಲಿ ಮಾತ್ರ ಏಕೆ ಕರಗಿತು? ಉತ್ತರ ಸ್ವಿಚ್ಚಿನ ಬೆನ್ನ ಮೇಲಿತ್ತು: `4/5(+) 7/8(-)`. ನಾಲ್ಕು ಮತ್ತು ಐದನೆಯ ಎಳೆಗಳು ನೀಲಿ ಜೋಡಿ, ಅದು ಧನ. ಏಳು ಮತ್ತು ಎಂಟನೆಯವು ಕಂದು ಜೋಡಿ, ಅದು ಋಣ. ನೀರಿದ್ದಲ್ಲಿ ಏಕಮುಖ ವಿದ್ಯುತ್ತು ಇದ್ದರೆ ಧನ ತುದಿಯ ಲೋಹ ಕರಗುತ್ತದೆ, ಋಣ ತುದಿಯದು ಉಳಿಯುತ್ತದೆ. ಹಳೆಯ ಟೆಲಿಫೋನ್ ವಿನಿಮಯ ಕೇಂದ್ರಗಳು ತಂತಿಗೆ ಋಣ 48 ವೋಲ್ಟ್ ಕೊಡುತ್ತಿದ್ದುದೂ ಇದೇ ಕಾರಣಕ್ಕೆ. ಚಿತ್ರದ ದತ್ತಾಂಶ ಹೋಗುತ್ತಿದ್ದದ್ದು ಕಿತ್ತಳೆ ಮತ್ತು ಹಸಿರು ಜೋಡಿಗಳಲ್ಲಿ. 100 ಮೆಗಾಬಿಟ್ ವೇಗಕ್ಕೆ ಆ ಎರಡೇ ಸಾಕು. ಹಾಗಾಗಿ ಕ್ಯಾಮೆರಾ ಬದುಕಿರುವಷ್ಟು ಹೊತ್ತೂ ಚಿತ್ರದಲ್ಲಿ ಒಂದು ಚುಕ್ಕೆಯೂ ಕೆಡುತ್ತಿರಲಿಲ್ಲ. ಕೇಬಲ್ಲಿನ ಮೇಲೆ ನನಗೆ ಸಂಶಯ ತಡವಾಗಿ ಬಂದದ್ದಕ್ಕೆ ಇದೂ ಒಂದು ಕಾರಣ.

8. ಅದೇ ರಾತ್ರಿ: ಲೆಕ್ಕ ತಾಳೆಯಾಗುತ್ತದೆಯೇ ಎಂದು ನೋಡಿದ್ದು

ಗಂಟು ಕೊಳೆತಿದೆಯೆಂದ ಮಾತ್ರಕ್ಕೆ ಅದೇ ಅಪರಾಧಿಯೆಂದು ಹೇಳಲಾಗದೆಂದು ಈ ಹೊತ್ತಿಗೆ ಸಾಕಷ್ಟು ಪಾಠವಾಗಿತ್ತು. ಒಂದು ಜೋಡಿಯ ಎರಡೂ ಎಳೆಗಳು ಒಟ್ಟಿಗೆ ವಿದ್ಯುತ್ತು ಹೊರುವುದರಿಂದ, ಅಳೆದ ಜೋಡಿ ರೋಧದ ಕಾಲು ಭಾಗವಷ್ಟೇ ದಾರಿಯ ಲೆಕ್ಕಕ್ಕೆ ಬರುತ್ತದೆ. ಬೆಳಗಿನ ಅಳತೆಯಂತೆ ನೀಲಿಯ 134ರ ಕಾಲು ಭಾಗ 33.5, ಕಂದಿನ 26.9ರ ಕಾಲು ಭಾಗ 6.7; ಸೇರಿ ಸುಮಾರು 40 ಓಮ್. ಕ್ಯಾಮೆರಾಕ್ಕೆ 12 ವ್ಯಾಟ್ ಬೇಕೇ ಬೇಕು. ವೋಲ್ಟೇಜು ಇಳಿದಷ್ಟೂ ಅದು ಹೆಚ್ಚು ಕರೆಂಟನ್ನು ಎಳೆದುಕೊಳ್ಳುತ್ತದೆ, ಕರೆಂಟು ಹೆಚ್ಚಿದಷ್ಟೂ ದಾರಿಯಲ್ಲಿ ವೋಲ್ಟೇಜು ಇನ್ನಷ್ಟು ಸೋರುತ್ತದೆ. 52 ವೋಲ್ಟಿನಿಂದ ಹೊರಟು ಈ ಲೆಕ್ಕ ನಿಲ್ಲುವುದು 0.30 ಆಂಪಿಯರಿನಲ್ಲಿ: ಕ್ಯಾಮೆರಾಕ್ಕೆ ಮುಟ್ಟುವುದು 40 ವೋಲ್ಟ್, ಪೋರ್ಟಿನಿಂದ ಹೊರಡುವುದು 15.6 ವ್ಯಾಟ್. ಪೋರ್ಟಿನ ಮಿತಿ 15.4. ಸ್ವಿಚ್ಚು ಕಡಿದುಹಾಕುತ್ತಿದ್ದದ್ದು ಇದಕ್ಕೇ, ಮತ್ತು ಅಡಾಪ್ಟರ್ 120 ವ್ಯಾಟಿನದಾದರೂ ಈ ಮಿತಿ ಮೇಲೇರುವುದಿಲ್ಲ.

ಮಧ್ಯಾಹ್ನದ 88 ಓಮಿಗೆ ಇದೇ ಲೆಕ್ಕ ಮಾಡಿದರೆ ಪೋರ್ಟಿನ ಹೊರೆ 14.1 ವ್ಯಾಟ್, ಮಿತಿಯ ಒಳಗೇ. ಗಂಟೇ ಇಲ್ಲದೆ, ಬರೀ ಕಳಪೆ ಕೇಬಲ್ಲಿದ್ದಿದ್ದರೆ 12.8 ವ್ಯಾಟ್. ಎಂದರೆ ಅಲ್ಯೂಮಿನಿಯಂ ಕೇಬಲ್ಲೊಂದೇ ಈ ಕ್ಯಾಮೆರಾವನ್ನು ಆರಿಸುತ್ತಿರಲಿಲ್ಲ. ಎಲ್ಲದಕ್ಕೂ ಅದನ್ನೇ ಬೈಯುವವರ ಜೊತೆ ನಾನೂ ಸೇರಬಹುದಿತ್ತು, ಅಂಕಿಗಳು ಬಿಡಲಿಲ್ಲ. ಅದು ಮಾಡಿದ್ದು ಉಳಿಕೆಯ ಅಂತರವನ್ನು ಮೊದಲೇ ತಿಂದುಹಾಕಿದ್ದು, ಮತ್ತು ನನ್ನ ಗಂಟು ಬೇಗ ಕೊಳೆಯಲು ನೆರವಾದದ್ದು.

9. ನವೆಂಬರ್ 30: ತಾತ್ಕಾಲಿಕ ದುರಸ್ತಿ

ಗಂಟಿನ ಎರಡೂ ಕಡೆ ಬೆಳ್ಳಗಿನ ಹೊಸ ಲೋಹ ಸಿಗುವವರೆಗೆ ಕತ್ತರಿಸಿ, ಟೆಲಿಫೋನ್ ಕೆಲಸದವರು ಬಳಸುವ ಜೆಲ್ಲಿ ತುಂಬಿದ ಒತ್ತು ಕನೆಕ್ಟರುಗಳಲ್ಲಿ ಎಂಟೂ ಎಳೆಗಳನ್ನು ಕೂಡಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಕೇಬಲ್ಲುಗಳು ಡಬ್ಬಿಯ ತಳದಿಂದ ಒಳಹೋಗುವಂತೆ ಕಟ್ಟಿದೆ. ನೀಲಿ ಜೋಡಿ 26.0 ಓಮಿಗೆ ಇಳಿಯಿತು. ಸಾಗರದಲ್ಲಿ ಕ್ಯಾಮೆರಾ ಹಾಕುವ ಪರಿಚಿತರೊಬ್ಬರಿಂದ ಪಿಒಇ ಮೀಟರ್ ಎರವಲು ತಂದು ಕ್ಯಾಮೆರಾದ ತುದಿಯಲ್ಲಿ ಸೇರಿಸಿ, ಸಂಜೆ ಅದರ ಮುಂದೆ ಹತ್ತು ಸಲ ಓಡಾಡಿದೆ. ದೀಪ ಹೊತ್ತಿ ತಲೆ ತಿರುಗುವಾಗಲೂ 48.7 ವೋಲ್ಟಿಗಿಂತ ಕೆಳಗಿಳಿಯಲಿಲ್ಲ. ಲೆಕ್ಕ ಹೇಳಿದ್ದು 48.8.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಆ ಕನೆಕ್ಟರುಗಳು ತಾಮ್ರದ ಎಳೆಗೆಂದು ಮಾಡಿದವು. ಅಲ್ಯೂಮಿನಿಯಂ ಒತ್ತಡಕ್ಕೆ ಮೆಲ್ಲಗೆ ಆಕಾರ ಕಳೆದುಕೊಂಡು ಸಡಿಲವಾಗುತ್ತದೆ. ಮುಂದಿನ ಮಳೆಗಾಲದಲ್ಲಿ ಇದೇ ಕತೆ ಬರೆಯುವ ಉತ್ಸಾಹವಿರಲಿಲ್ಲ.

10. ಡಿಸೆಂಬರ್ 7 ಮತ್ತು 8: ಹೊಸ ಕೇಬಲ್

ಪೂರ್ತಿ ತಾಮ್ರದ, ಹೊರಾಂಗಣಕ್ಕೆಂದು ಕಪ್ಪು ಹೊದಿಕೆ ಇರುವ ಕ್ಯಾಟ್ 6 ಕೇಬಲ್ 100 ಮೀಟರ್ ತಂದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಎಳೆಯನ್ನು ಕೆರೆದು ನೋಡಿದೆ, ಸುರುಳಿಯ ಎರಡೂ ತುದಿ ಕೈಯಲ್ಲಿರುವಾಗಲೇ ಒಂದು ಜೋಡಿಯ ರೋಧವನ್ನೂ ಅಳೆದೆ: 13.4 ಓಮ್. ಅಂಗಡಿಯವರಿಗೆ ಬೇಸರವಾಯಿತು, ಆಗಲಿ. ಸೋಗೆ ಬೀಳುವ ದಾರಿ ತಪ್ಪಿಸಲು ತೋಟದ ಕಾಲುವೆಯ ಬದಿಯಲ್ಲಿ ಒಂದು ಮೊಳ ಆಳಕ್ಕೆ ಎಚ್‌ಡಿಪಿಇ ಪೈಪು ಹೂತು, ನೈಲಾನ್ ಹಗ್ಗದಿಂದ ಕೇಬಲ್ ಎಳೆದೆವು. ನಡುವೆ ಒಂದೂ ಗಂಟಿಲ್ಲ.

ಇಲ್ಲೊಂದು ಸಣ್ಣ ಎಡವಟ್ಟು. ಮನೆಯಲ್ಲಿದ್ದ ಹಳೆಯ ಕ್ಯಾಟ್ 5ಇ ಪ್ಲಗ್ಗುಗಳೊಳಗೆ ಈ ದಪ್ಪ ಎಳೆಗಳು ಕೊನೆಯವರೆಗೆ ಹೋಗುವುದಿಲ್ಲ. ನಾಲ್ಕು ಪ್ಲಗ್ ಹಾಳುಮಾಡಿದ ಮೇಲೆ ಅದು ತಿಳಿದು, ಕ್ಯಾಟ್ 6 ಪ್ಲಗ್ ತರಲು ಮತ್ತೆ ಸಾಗರಕ್ಕೆ ಹೋಗಬೇಕಾಯಿತು.

ಅಂತಿಮ ಅಳತೆ: 95 ಮೀಟರಿಗೆ ನಾಲ್ಕೂ ಜೋಡಿಗಳು 12.8 ಮತ್ತು 12.9 ಓಮ್, ಪೂರ್ತಿ ಹೊರೆಯಲ್ಲಿ ಕ್ಯಾಮೆರಾದ ಬಳಿ 50.4 ವೋಲ್ಟ್, ಪೋರ್ಟಿನಲ್ಲಿ 12.4 ವ್ಯಾಟ್.

ಖರ್ಚು: ಕೇಬಲ್ 3,900 ರೂಪಾಯಿ, ಪೈಪು 1,800, ಒಬ್ಬ ಆಳಿನ ಒಂದು ದಿನದ ಕೂಲಿ 700, ಪ್ಲಗ್ಗು ಮತ್ತು ಕನೆಕ್ಟರು 200, ಒಟ್ಟು 6,600. ವ್ಯರ್ಥವಾದ ಅಡಾಪ್ಟರಿನ 1,650 ಬೇರೆ. ಅದನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

11. ಡಿಸೆಂಬರ್ 22

ಎರಡು ವಾರಗಳ ದಾಖಲೆಯಲ್ಲಿ ಒಂದೇ ತೆರಪಿದೆ, 14ರಂದು ಮಧ್ಯಾಹ್ನ ಊರಿಗೇ ಕರೆಂಟು ಹೋಗಿ ಯುಪಿಎಸ್ ಬ್ಯಾಟರಿ ಮುಗಿದಾಗಿನದು. ಮನೆಯ ಸುತ್ತಲಿನ ನಾಲ್ಕು ಕ್ಯಾಮೆರಾಗಳ ಕೇಬಲ್ಲುಗಳೂ ಅದೇ ಹಗುರ ಪೆಟ್ಟಿಗೆಯವು, ಅವನ್ನೂ ಅಳೆದೆ. ಅತಿ ಉದ್ದದ್ದು 34 ಮೀಟರ್, ಜೋಡಿಗೆ 9.5 ಓಮ್, ಎಲ್ಲೂ ಗಂಟಿಲ್ಲ. ನಾಲ್ಕರ ಅಂಕಿಗಳನ್ನೂ ದಿನಾಂಕದೊಂದಿಗೆ ಒಂದು ಚೀಟಿಯಲ್ಲಿ ಬರೆದು ಸ್ವಿಚ್ಚಿನ ಪೆಟ್ಟಿಗೆಯ ಬಾಗಿಲಿಗೆ ಒಳಗಡೆಯಿಂದ ಅಂಟಿಸಿದ್ದೇನೆ. ಮಳೆಗಾಲ ಮುಗಿದ ಮೇಲೆ ಮತ್ತೆ ಅಳೆದು ಹೋಲಿಸಬೇಕು.